ಚಾರ್ಜ್ ಮೆಮೊಗೆ ಉತ್ತರ: ನಾನು ಒಪ್ಪಿದ್ದೆಷ್ಟು, ಒಪ್ಪದೇ ಇದ್ದದ್ದೆಷ್ಟು

ನಾನು ಬಸ್ ಕಂಡಕ್ಟರ್. ಅವತ್ತು ಸಂತೆ ದಿನ, ಬಸ್ಸಿನಲ್ಲಿ ಕಾಲಿಡೋಕೂ ಜಾಗವಿರಲಿಲ್ಲ. ಚೆಕಿಂಗ್‌ನವರು ಹತ್ತಿದಾಗ ಹಿಂದಿನ ಸ್ಟೇಜಿನಲ್ಲಿ ಹತ್ತಿದ್ದ ಇಬ್ಬರ ಹತ್ತಿರ ಟಿಕೆಟ್ ಇರಲಿಲ್ಲ. ಆಮೇಲೆ ನನ್ನ ಮೇಲಿನ ಆರೋಪಗಳನ್ನು ಬರೆದ ಚಾರ್ಜ್ ಮೆಮೊ ಬಂತು, ಏಳು ದಿನದಲ್ಲಿ ಉತ್ತರ ಕೊಡಬೇಕಿತ್ತು.

ಆ ರಾತ್ರಿ ನಾನು ಬರೆದದ್ದು ಒಂದೇ ಸಾಲು: ತಪ್ಪಾಗಿದೆ, ದಯವಿಟ್ಟು ಕ್ಷಮಿಸಿ. ಬೆಳಿಗ್ಗೆ ಡಿಪೋದ ಹಿರಿಯ ಕಂಡಕ್ಟರೊಬ್ಬರು ಅದನ್ನು ನೋಡಿ, "ಹೀಗೆ ಕೊಟ್ಟರೆ ಎಲ್ಲಾ ಆರೋಪ ಒಪ್ಪಿಕೊಂಡ ಹಾಗಾಗುತ್ತೆ. ಮೆಮೊ ಇನ್ನೊಂದು ಸಲ ನಿಧಾನವಾಗಿ ಓದಪ್ಪ" ಎಂದರು.

ಓದಿದಾಗ ಎದೆ ಝಲ್ಲೆಂದಿತು. ಮೊದಲ ಆರೋಪ, ಇಬ್ಬರಿಗೆ ಟಿಕೆಟ್ ಕೊಟ್ಟಿಲ್ಲ ಎಂದು. ಎರಡನೆಯದು, ಅವರಿಂದ ತಲಾ 18 ರೂಪಾಯಿಯಂತೆ 36 ರೂಪಾಯಿ ಪಡೆದೂ ಟಿಕೆಟ್ ಕೊಡದೆ ಹಣ ದುರುಪಯೋಗ ಮಾಡಿದ್ದೇನೆ ಎಂದು. ಮೊದಲನೆಯದು ಅಜಾಗರೂಕತೆ, ಎರಡನೆಯದು ಕಳ್ಳತನ. ಎರಡಕ್ಕೂ ಒಂದೇ ಕ್ಷಮೆ ಕೇಳೋಕೆ ಹೊರಟಿದ್ದೆ, ಅಲ್ವಾ!

ಮೊದಲು ಒಂದು ಅರ್ಜಿ ಕೊಟ್ಟು ಪ್ರಯಾಣಿಕರ ಹೇಳಿಕೆ, ಡ್ಯೂಟಿಯ ಲೆಕ್ಕ ಬರೆಯುವ ವೇ ಬಿಲ್ ಮತ್ತು ಸ್ಥಳದಲ್ಲೇ ನಗದು ಎಣಿಸಿ ಬರೆದ ಹಾಳೆಯ ನಕಲು ಕೇಳಿದೆ. ಅವು ಸಿಕ್ಕ ಮೇಲೆ ನನ್ನ ಕೈಗೆ ಬಲ ಬಂತು. ಮೆಷಿನ್ ಲೆಕ್ಕದಲ್ಲಿ ಟಿಕೆಟ್ ಹಣ 4,386 ರೂಪಾಯಿ. ಡ್ಯೂಟಿ ಶುರುವಿನಲ್ಲೇ ವೇ ಬಿಲ್‌ನಲ್ಲಿ ಬರೆದಿದ್ದ ನನ್ನ ಸ್ವಂತ ಹಣ 200. ಬ್ಯಾಗಿನಲ್ಲಿ ಸಿಕ್ಕದ್ದು ಸರಿಯಾಗಿ 4,586. ಆ 36 ರೂಪಾಯಿ ತೆಗೆದುಕೊಂಡಿದ್ದರೆ ಬ್ಯಾಗಿನಲ್ಲಿ ಅಷ್ಟು ಜಾಸ್ತಿ ಇರಬೇಕಿತ್ತು.

ಆಮೇಲೆ ಒಂದೊಂದು ಆರೋಪಕ್ಕೂ ಬೇರೆ ಬೇರೆಯಾಗಿ ಉತ್ತರ ಬರೆದೆ. ಮೊದಲನೆಯದಕ್ಕೆ ಹೀಗೆ: "ಸ್ಟೇಜ್ ದಾಟುವ ಮುನ್ನ ಆ ಇಬ್ಬರಿಗೆ ಟಿಕೆಟ್ ಕೊಟ್ಟಿರಲಿಲ್ಲ ಎಂಬುದು ನಿಜ, ಇಷ್ಟನ್ನು ಒಪ್ಪುತ್ತೇನೆ. ಬಸ್ ನಿಲ್ಲಿಸಿಯಾದರೂ ಟಿಕೆಟ್ ಮುಗಿಸಬೇಕಿತ್ತು." ಸಂತೆಯ ಜನಸಂದಣಿಯನ್ನು ಒಂದೇ ವಾಕ್ಯದಲ್ಲಿ ಹೇಳಿದೆ, ಅದನ್ನೇ ನೆಪ ಮಾಡಿಕೊಳ್ಳಲಿಲ್ಲ. ಎರಡನೆಯದಕ್ಕೆ: "ಹಣ ಪಡೆದಿದ್ದೇನೆ ಎಂಬ ಆರೋಪವನ್ನು ಗೌರವಪೂರ್ವಕವಾಗಿ ನಿರಾಕರಿಸುತ್ತೇನೆ." ಕೆಳಗೆ ಆ ಮೂರು ಅಂಕಿ. ಚೆಕಿಂಗ್‌ನವರು ಸುಳ್ಳು ಹೇಳಿದ್ದಾರೆ ಅಂತ ಎಲ್ಲೂ ಬರೆಯಲಿಲ್ಲ, ಅವರೇ ಎಣಿಸಿ ಸಹಿ ಹಾಕಿದ ಹಾಳೆ ನನ್ನ ಪರ ಇರುವಾಗ ಸುಮ್ನೆ ಅವರ ಮೇಲೆ ಹರಿಹಾಯ್ದು ಏನು ಮಾಡಲಿ?

ಪ್ರಯಾಣಿಕರೊಬ್ಬರ ಹೇಳಿಕೆಯಲ್ಲಿ "ದುಡ್ಡು ಕೊಟ್ಟಿದ್ದೆ" ಎಂದಿತ್ತು. ಅದನ್ನು ಮುಚ್ಚಿಡಲಿಲ್ಲ. ಅವರನ್ನು ವಿಚಾರಣೆಗೆ ಕರೆಸಿ, ಪ್ರಶ್ನೆ ಕೇಳಲು ನನಗೆ ಅವಕಾಶ ಕೊಡಿ ಎಂದು ಕೇಳಿಕೊಂಡೆ.

ಆರನೇ ದಿನ ಉತ್ತರ ಕೊಟ್ಟು, ನನ್ನ ಪ್ರತಿಯ ಮೇಲೆ ತಾರೀಖು, ಸೀಲು ಹಾಕಿಸಿಕೊಂಡೆ. ವಿಚಾರಣೆಯಲ್ಲಿ ಎರಡನೇ ಆರೋಪ ಸಾಬೀತಾಗಲಿಲ್ಲ. ಮೊದಲನೆಯದಕ್ಕೆ ಒಂದು ವರ್ಷದ ಇನ್‌ಕ್ರಿಮೆಂಟ್ ತಡೆದರು. ಅದರ ಮೇಲೆ ನಾನು ಅಪೀಲು ಹೋಗಲಿಲ್ಲ.