ಲಗ್ನಪತ್ರಿಕೆಯ ಒತ್ತಕ್ಷರ ಉಳಿಸಿಕೊಂಡ ಬಗೆ

ನಾನು ಡಿಟಿಪಿ ಕೆಲಸದವನು. ಹೋದ ಮದುವೆ ಸೀಸನ್ನಿನಲ್ಲಿ ಒಂದು ಲಗ್ನಪತ್ರಿಕೆಯನ್ನು ಅಚ್ಚಿಗೆ ಮಾಡಿದ ಹಾಗೆಯೇ ಚಿತ್ರ ಮಾಡಿ ಫೋನಿಗೆ ಕಳಿಸಿದ್ದೆ. ಹಸಿರು ಹಿನ್ನೆಲೆ, ಕುಂಕುಮದ ಕೆಂಪಿನಲ್ಲಿ ಅಕ್ಷರ. ಕಾಗದದ ಮೇಲೆ ಚೆಂದವಿತ್ತು. ಫೋನಿನಲ್ಲಿ ನೋಡಿದ ಹುಡುಗಿಯ ತಂದೆ, "ಇದು 10-36ಓ, 10-38ಓ?" ಎಂದು ಕೇಳಿದರು. 'ಮುಹೂರ್ತ'ದ ಅರ್ಕಾವತ್ತು ಕರಗಿ ಹೋಗಿತ್ತು. ತಪ್ಪು ನನ್ನದೇ.

ಮೊದಲು ಹೊಳೆದದ್ದು ಫೈಲನ್ನು ದೊಡ್ಡದು ಮಾಡುವುದು. 300 ಡಿಪಿಐ ಬದಲು 600ರಲ್ಲಿ ಕಳಿಸಿದೆ, ಏನೂ ಬದಲಾಗಲಿಲ್ಲ. ವಾಟ್ಸಾಪಿನಲ್ಲಿ ಮಾಮೂಲಿ ಗುಣಮಟ್ಟದಲ್ಲಿ ಹೋದ ಚಿತ್ರವನ್ನು ಇಳಿಸಿಕೊಂಡು ಅಳೆದಾಗ ಉದ್ದದ ಬದಿ ಎರಡೂ ಸಲ 1600 ಪಿಕ್ಸೆಲ್ಲೇ ಇತ್ತು. ಆಗ ಲೆಕ್ಕ ಹಾಕಿದೆ. ಪತ್ರಿಕೆಯ ಎತ್ತರ 7 ಇಂಚು, ಅಂದರೆ 504 ಪಾಯಿಂಟ್. ಅದರಲ್ಲಿ 8 ಪಾಯಿಂಟಿನ ಅಕ್ಷರಕ್ಕೆ ಸಿಗುವುದು ಸುಮಾರು 25 ಪಿಕ್ಸೆಲ್, ಅದರ ಒತ್ತಿಗೆ ಹೆಚ್ಚೆಂದರೆ 8. ವಾಟ್ಸಾಪ್ ಚಿತ್ರದ ಗಾತ್ರ ಇಳಿಸಲು ಬಳಸುವ ಜೆಪೆಗ್ ವಿಧಾನ ಚಿತ್ರವನ್ನು 8×8 ಪಿಕ್ಸೆಲ್ಲಿನ ಚೌಕಗಳಾಗಿ ಕತ್ತರಿಸಿ ಒಂದೊಂದನ್ನೂ ಹಿಂಡುತ್ತದೆ. ಇಡೀ ಒತ್ತು ಒಂದೇ ಚೌಕದೊಳಗೆ ಸಿಕ್ಕಿಕೊಂಡರೆ ಆಕಾರ ಹೇಗೆ ಉಳಿದೀತು?

ಬಣ್ಣದ ಪೆಟ್ಟು ಇದಕ್ಕಿಂತ ದೊಡ್ಡದು. ಹೀಗೆ ಹಿಂಡುವಾಗ ಬೆಳಕು-ನೆರಳಿನ ವಿವರವನ್ನು ಪೂರ್ತಿ ಅಳತೆಯಲ್ಲಿ ಇಟ್ಟು, ಬಣ್ಣದ ವಿವರವನ್ನು ಸಾಮಾನ್ಯವಾಗಿ ಉದ್ದಗಲ ಎರಡರಲ್ಲೂ ಅರ್ಧಕ್ಕೆ ಇಳಿಸುತ್ತಾರೆ. ನನ್ನ ಕೆಂಪು, ಹಸಿರು ಎರಡಕ್ಕೂ ಹೊಳಪು ಹೆಚ್ಚುಕಡಿಮೆ ಒಂದೇ ಇತ್ತು. ಅಕ್ಷರವನ್ನು ಬಿಡಿಸಿ ತೋರಿಸುತ್ತಿದ್ದದ್ದು ಬಣ್ಣವೊಂದೇ. ಅದೇ ಅರ್ಧವಾದ ಮೇಲೆ ಅಂಚು ಹರಡದೆ ಇರಲಾರದು.

ಈಗ ಫೋನಿಗೆಂದೇ ಬೇರೆ ಪ್ರತಿ ಮಾಡುತ್ತೇನೆ. ಹಾಳೆಯನ್ನೇ 1200×1600 ಪಿಕ್ಸೆಲ್ಲಿಗೆ ಇಟ್ಟುಕೊಂಡು, ಸಣ್ಣ ಅಕ್ಷರವನ್ನೂ 38 ಪಿಕ್ಸೆಲ್ಲಿಗಿಂತ ಕೆಳಗೆ ಇಳಿಸುವುದಿಲ್ಲ. ಜಾಗ ಸಾಲದಿದ್ದರೆ ಬಂಧುಗಳ ಹೆಸರಿನ ಪಟ್ಟಿ ಎರಡನೇ ಚಿತ್ರಕ್ಕೆ ಹೋಗುತ್ತದೆ. ಬಣ್ಣ ಒಪ್ಪುವ ಮೊದಲು ಇಡೀ ಚಿತ್ರವನ್ನು ಕಪ್ಪು-ಬಿಳುಪು ಮಾಡಿ ನೋಡುತ್ತೇನೆ. ಅಲ್ಲಿ ಓದಲಾಗದ ಅಕ್ಷರ ಫೋನಿನಲ್ಲೂ ಕಲಸಿಹೋಗುತ್ತದೆ. ಆ ಪತ್ರಿಕೆಗೆ ಕೆಂಪು ತೆಗೆದು ತಿಳಿ ಕೆನೆ ಬಣ್ಣ ಹಾಕಿದೆ. ಅಕ್ಷರದ ಹಿಂದಿದ್ದ ಜರಿಯ ಮಿನುಗನ್ನೂ ಅಳಿಸಿದೆ, ಅಂಥ ನವಿರಾದ ಗೀರು-ಚುಕ್ಕಿ ಇದ್ದಷ್ಟೂ ಹಿಂಡುವಾಗ ಅಕ್ಷರದ ಸುತ್ತ ಕಸ ಹೆಚ್ಚುತ್ತದೆ. ಅಚ್ಚಿನ ಸಿಎಂವೈಕೆ ಬಣ್ಣವನ್ನು ಎಸ್‌ಆರ್‌ಜಿಬಿಗೆ ಬದಲಿಸುವುದನ್ನು ಮರೆತರೆ ಕೆಲವು ಫೋನುಗಳಲ್ಲಿ ಬಣ್ಣವೇ ಬೇರೆ ಕಾಣುತ್ತದೆ. ಕೊನೆಗೆ ವಿವರ ಕಳೆಯದ ಪಿಎನ್‌ಜಿಯಾಗಿ ಉಳಿಸುತ್ತೇನೆ. ಆ್ಯಪ್ ಅದನ್ನೂ ಜೆಪೆಗ್ ಮಾಡಬಹುದು, ಆದರೆ ಆಗ ಹಿಂಡುವುದು ಒಂದೇ ಸಲ.

ಕಳಿಸುವ ಮುನ್ನ ನನ್ನ ನಂಬರಿಗೇ ಒಮ್ಮೆ ಕಳಿಸಿ, ಇಳಿಸಿಕೊಂಡು, ಮುಹೂರ್ತದ ಸಾಲನ್ನು ಹಿಗ್ಗಿಸಿ ಓದುತ್ತೇನೆ. ಎಚ್‌ಡಿ ಆಯ್ಕೆಯಲ್ಲಿ ಹೆಚ್ಚು ಪಿಕ್ಸೆಲ್ ಉಳಿಯುತ್ತವೆ ನಿಜ, ಆದರೆ ಮುಂದೆ ಯಾರೋ ಸ್ಕ್ರೀನ್‌ಶಾಟ್ ತೆಗೆದು ಹಂಚಿದರೆ ಆ ಲಾಭ ಹೋಯಿತು. ಅಚ್ಚಿಗೆ ಮೊದಲಿನ ಪ್ರೂಫನ್ನು ಮಾತ್ರ ಡಾಕ್ಯುಮೆಂಟ್ ಆಗಿ ಕಳಿಸುತ್ತೇನೆ, ಫೈಲು ಇದ್ದ ಹಾಗೇ ತಲುಪುತ್ತದೆ. ಹುಡುಗಿಯ ತಂದೆಗೆ ಹೊಸ ಪ್ರತಿ ಕಳಿಸಿದಾಗ ಅವರು ಕನ್ನಡಕ ಹಾಕದೆಯೇ "10-36" ಎಂದು ಓದಿದರು.