ಪಿಎಚ್.ಡಿ. ಬಿಡುವ ಪತ್ರದಲ್ಲಿ ದಿನಾಂಕ ಸ್ಪಷ್ಟವಾಗಿರಲಿ

ಸಂಶೋಧನಾ ಸಲಹಾ ಸಮಿತಿಗೆ ಬರೆಯುವಾಗ ‘ಮುಂದುವರಿಸಲು ಕಷ್ಟವಾಗುತ್ತಿದೆ’ ಎಂದಷ್ಟೇ ಬರೆಯಬೇಡಿ. ಸಮಿತಿ ಅದನ್ನು ರಜೆಯ ಅಥವಾ ಅವಧಿ ವಿಸ್ತರಣೆಯ ಕೋರಿಕೆ ಎಂದು ಓದಬಹುದು, ನೋಂದಣಿ ಹಾಗೇ ಉಳಿದುಬಿಡುತ್ತದೆ. ನೇರವಾಗಿ ಹೀಗೆ ಬರೆಯಿರಿ:

“ವೈಯಕ್ತಿಕ ಕಾರಣಗಳಿಂದ ಪಿಎಚ್.ಡಿ. ಸಂಶೋಧನೆಯನ್ನು ಬಿಡುತ್ತಿದ್ದೇನೆ. ಜೂನ್ 30ರಿಂದ ಅನ್ವಯವಾಗುವಂತೆ ನನ್ನ ನೋಂದಣಿಯನ್ನು ರದ್ದುಪಡಿಸಿ, ಆದೇಶದ ಪ್ರತಿ ನೀಡಬೇಕೆಂದು ಕೋರುತ್ತೇನೆ.”

ಫೆಲೋಶಿಪ್ ಇದ್ದರೆ ಈ ದಿನಾಂಕವೇ ಮುಖ್ಯ. ಅದರ ನಂತರದ ಅವಧಿಗೆ ಹಣ ಜಮೆಯಾದರೆ ಹಿಂತಿರುಗಿಸಬೇಕಾಗುತ್ತದೆ. ಹಾಗಾಗಿ ‘ಅಂದಿನಿಂದ ಫೆಲೋಶಿಪ್ ನಿಲ್ಲಿಸಿ’ ಎಂಬ ಸಾಲನ್ನೂ ಸೇರಿಸಿ.

ಮಾರ್ಗದರ್ಶಕರ ಮೇಲಿನ ದೂರು ಇಲ್ಲಿ ಬೇಡ. ಪತ್ರ ಹೋಗುವುದೇ ಅವರ ಸಹಿಯ ಮೂಲಕ. ನಿಜವಾದ ದೂರಿದ್ದರೆ ಕುಂದುಕೊರತೆ ಸಮಿತಿಗೆ ಬೇರೆಯಾಗಿಯೇ ಬರೆಯಿರಿ. ಕೊಟ್ಟ ಪತ್ರದ ಪ್ರತಿಯ ಮೇಲೆ ಕಚೇರಿಯ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.