ಸ್ಕ್ವಾಟ್ ನಿಲ್ಲುವುದು ಒಂದು ಕಡೆ, ಸೋಲುವುದು ಇನ್ನೊಂದು ಕಡೆ

ಭಾರದ ಬಾರನ್ನು ಬೆನ್ನ ಮೇಲೆ ಹೊತ್ತು ಕುಳಿತು ಏಳುವ ನನ್ನ ಸ್ಕ್ವಾಟ್, 150 ಕಿಲೊ ತಲುಪಿದ ಮೇಲೆ ಬಹಳ ಕಾಲ ಮುಂದೆ ಸಾಗಲಿಲ್ಲ. 155 ಹಾಕಿದಾಗಲೆಲ್ಲ ಸೋಲು ಒಂದೇ ರೀತಿಯಲ್ಲಿ ಬರುತ್ತಿತ್ತು. ತಳದಿಂದ ಏಳುತ್ತಿದ್ದೆ, ತೊಡೆ ನೆಲಕ್ಕೆ ಸಮಾನಾಂತರವಾಗುವ ಮಟ್ಟವನ್ನು ಸ್ವಲ್ಪ ದಾಟುವಷ್ಟರಲ್ಲಿ ಎದೆ ಮುಂದಕ್ಕೆ ಬಾಗಿ, ಬಾರ್ ಅಲ್ಲೇ ನಿಂತುಬಿಡುತ್ತಿತ್ತು. ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು: "ನಿಮ್ಮ ಬೆನ್ನಿನಲ್ಲಿ ಬಲ ಸಾಲದು, ಗುಡ್ ಮಾರ್ನಿಂಗ್ ಮಾಡಿ." ಅಂದರೆ ಬಾರನ್ನು ಬೆನ್ನ ಮೇಲೆ ಹೊತ್ತು, ಸೊಂಟದಿಂದ ಮುಂದಕ್ಕೆ ಬಾಗಿ ಏಳುವ ವ್ಯಾಯಾಮ.

ಎದುರಿಗೆ ನಿಂತವರ ಕಣ್ಣಿಗೆ ಸೋತಂತೆ ಕಾಣುವುದು ಬೆನ್ನೇ. ಆದರೆ ಬಾರ್ ನಿಧಾನವಾಗುವ ಜಾಗ ಹೆಚ್ಚುಕಡಿಮೆ ಎಲ್ಲರಿಗೂ ಅದೇ. ತಳದಲ್ಲಿ ಹಿಗ್ಗಿದ ಸ್ನಾಯುಗಳು ಮರಳಿ ಪುಟಿಯುವಾಗ ಒಂದಿಷ್ಟು ನೆರವು ಸಿಗುತ್ತದೆ. ತುಸು ಮೇಲೆ ಬಂದೊಡನೆ ಆ ನೆರವು ಮುಗಿಯುತ್ತದೆ, ಆದರೆ ತೊಡೆ ಇನ್ನೂ ಅಡ್ಡವಾಗಿಯೇ ಇರುವುದರಿಂದ ಮೊಣಕಾಲು ಮತ್ತು ಸೊಂಟದ ಕೀಲುಗಳ ಮೇಲಿನ ಹೊರೆ ಕಡಿಮೆಯಾಗಿರುವುದಿಲ್ಲ. ಆದ್ದರಿಂದ ಬಾರ್ ಎಲ್ಲಿ ನಿಂತಿತು ಎಂಬುದೊಂದೇ ಯಾವ ಸ್ನಾಯು ದುರ್ಬಲ ಎಂದು ಹೇಳುವುದಿಲ್ಲ. ನಿಲ್ಲುವ ಮೊದಲು ದೇಹದ ಆಕಾರ ಹೇಗೆ ಬದಲಾಯಿತು ಎಂಬುದು ಹೇಳುತ್ತದೆ.

ಅದನ್ನು ನೋಡಲು ಮೊಬೈಲ್ ಸಾಕಾಯಿತು. ಬೆಂಚಿನ ಮೇಲೆ, ತಳದಲ್ಲಿ ಕುಳಿತಾಗ ಸೊಂಟ ಬರುವ ಎತ್ತರದಲ್ಲಿ, ಸರಿಯಾಗಿ ಪಕ್ಕದಿಂದ ಇಟ್ಟೆ. ಓರೆಯಾಗಿ ಇಟ್ಟರೆ ಕೋನಗಳು ಸುಳ್ಳು ಹೇಳುತ್ತವೆ. ಪ್ಲೇಟುಗಳು ಭುಜವನ್ನು ಮುಚ್ಚುವುದರಿಂದ ನಾನು ಗಮನಿಸಿದ್ದು ಎರಡೇ ಬಿಂದುಗಳನ್ನು: ಬಾರಿನ ತುದಿ ಮತ್ತು ಸೊಂಟದ ಮಡಿಕೆ. 105, 120, 135 ಕಿಲೊಗಳಲ್ಲಿ, ಅಂದರೆ ನನ್ನ ಗರಿಷ್ಠ ಭಾರದ 70, 80 ಮತ್ತು 90 ಶೇಕಡಾದಲ್ಲಿ ಚಿತ್ರೀಕರಿಸಿ, ವಿಡಿಯೊವನ್ನು ಒಂದೊಂದೇ ಚೌಕಟ್ಟಾಗಿ ಸರಿಸಿ ನೋಡಿದೆ.

105ರಲ್ಲಿ ಸೊಂಟ ಮತ್ತು ಬಾರ್ ಒಟ್ಟಿಗೆ ಏರುತ್ತಿದ್ದವು. 120ರಲ್ಲಿ ಕೊನೆಯ ಎತ್ತುವಿಕೆಯಲ್ಲಿ ಸಣ್ಣ ಅಂತರ ಕಂಡಿತು. 135ರಲ್ಲಿ ಸೊಂಟ ಅಂಗೈ ಅಗಲದಷ್ಟು ಮೇಲೆ ಬಂದಿದ್ದರೂ ಬಾರ್ ಅದರ ಅರ್ಧದಷ್ಟೂ ಏರಿರಲಿಲ್ಲ. ಬೆನ್ನು ಗೂನಾಗಿರಲಿಲ್ಲ, ನೇರವಾಗಿಯೇ ಇದ್ದು, ಮುಂದಕ್ಕೆ ವಾಲಿತ್ತು. ಈ ವ್ಯತ್ಯಾಸ ಬಹಳ ಮುಖ್ಯ. ಹಗುರ ಭಾರದಲ್ಲೂ ಹೀಗೇ ಆಗಿದ್ದರೆ ನಾನು ತಂತ್ರವನ್ನೋ ಹಿಮ್ಮಡಿಯ ಗಂಟಿನ ಬಿಗಿತವನ್ನೋ ಅನುಮಾನಿಸುತ್ತಿದ್ದೆ. ಭಾರ ಹೆಚ್ಚಿದಾಗ ಮಾತ್ರ ಆಕಾರ ಕೆಡುತ್ತಿದ್ದುದರಿಂದ, ಕೊರತೆ ಬಲದ್ದೇ ಎಂದು ತೋರಿತು.

ಯಾವ ಬಲ? ತಳದಿಂದ ಏಳಲು ಮೊಣಕಾಲನ್ನೂ ಸೊಂಟವನ್ನೂ ಒಟ್ಟಿಗೆ ಬಿಚ್ಚಬೇಕು. ತೊಡೆಯ ಮುಂಭಾಗದ ಸ್ನಾಯುಗಳಿಗೆ ಆ ಭಾರ ಹೆಚ್ಚಾದರೆ ದೇಹ ಒಂದು ಅಡ್ಡದಾರಿ ಹಿಡಿಯುತ್ತದೆ: ಸೊಂಟವನ್ನು ಹಿಂದಕ್ಕೂ ಮೇಲಕ್ಕೂ ತಳ್ಳಿ, ಬಾರನ್ನು ಎತ್ತದೆಯೇ ಮೊಣಕಾಲನ್ನು ಬಿಚ್ಚುತ್ತದೆ. ಆಗ ಮೊಣಕಾಲಿನ ಹೊರೆ ಇಳಿದು ಪೃಷ್ಠ ಮತ್ತು ಬೆನ್ನಿನ ಹೊರೆ ಏರುತ್ತದೆ. ಕೊನೆಗೆ ಬೆನ್ನು ಸೋಲುತ್ತದೆ ನಿಜ. ಆದರೆ ಅದು ಹೊತ್ತಿದ್ದು ತನ್ನ ಪಾಲಿನ ಜೊತೆಗೆ ತೊಡೆಯ ಪಾಲನ್ನೂ.

ಇದು ಇನ್ನೂ ಊಹೆಯೇ ಆಗಿತ್ತು. ಪರೀಕ್ಷೆಗೆ, ಬಾರನ್ನು ಭುಜದ ಮುಂಭಾಗದಲ್ಲಿ ಇಟ್ಟು ಮಾಡುವ ಫ್ರಂಟ್ ಸ್ಕ್ವಾಟ್ ಆರಿಸಿದೆ. ಬಾರ್ ಮುಂದೆ ಇದ್ದಾಗ ವಾಲಿದರೆ ಅದು ಜಾರಿ ಬೀಳುತ್ತದೆ, ಆದ್ದರಿಂದ ಹೊರೆಯನ್ನು ಬೆನ್ನಿಗೆ ದಾಟಿಸುವ ದಾರಿ ಅಲ್ಲಿ ಮುಚ್ಚಿರುತ್ತದೆ. ಎರಡನ್ನೂ ಅಭ್ಯಾಸ ಮಾಡುವವರು ಸಾಮಾನ್ಯವಾಗಿ ತಮ್ಮ ಹಿಂಬದಿ ಸ್ಕ್ವಾಟಿನ 80ರಿಂದ 85 ಶೇಕಡಾದಷ್ಟನ್ನು ಮುಂದೆ ಇಟ್ಟು ಎತ್ತುತ್ತಾರೆ. ನನಗೆ ಸಾಧ್ಯವಾದದ್ದು 110, ಅಂದರೆ ಸುಮಾರು 73 ಶೇಕಡಾ. ಆದರೆ ಈ ಅಂಕಿಯನ್ನು ಮಾತ್ರ ನಂಬಬಾರದು, ಹೇಗೆ ಸೋತೆವು ಎಂಬುದನ್ನೂ ನೋಡಬೇಕು. ಮೊಣಕೈ ಇಳಿದು ಮೇಲ್ಬೆನ್ನು ಬಾಗಿದ್ದರೆ ದೋಷ ಮೇಲ್ಬೆನ್ನಿನದು. ನನ್ನ ಮುಂಡ ನೆಟ್ಟಗೇ ಇತ್ತು, ಕಾಲುಗಳು ಮಾತ್ರ ಮೇಲೇಳಲಿಲ್ಲ. ಇನ್ನೊಂದು ಸಾಕ್ಷಿಯೂ ಇತ್ತು. ಆ ಹೊತ್ತಿಗೆ ನಾನು, ಬಾರನ್ನು ನೆಲದಿಂದ ಎತ್ತಿ ನಿಲ್ಲುವ 200 ಕಿಲೊ ಡೆಡ್‌ಲಿಫ್ಟನ್ನು ಬೆನ್ನು ಬಾಗದಂತೆ ಎತ್ತುತ್ತಿದ್ದೆ. 155ರ ಮುಂದೆ ಕುಸಿಯುವ ಬೆನ್ನಿಗೆ ಅದು ಸಾಧ್ಯವಿಲ್ಲ.

ಇಷ್ಟಾದ ಮೇಲೆ ಪೂರಕ ವ್ಯಾಯಾಮದ ಆಯ್ಕೆ ಕಷ್ಟವಾಗಲಿಲ್ಲ. ವಾರದಲ್ಲಿ ಕಾಲಿನ ವ್ಯಾಯಾಮದ ಎರಡನೇ ದಿನ ಫ್ರಂಟ್ ಸ್ಕ್ವಾಟಿಗೆ ಮೀಸಲಾಯಿತು: 85 ಕಿಲೊದಲ್ಲಿ ನಾಲ್ಕರಂತೆ ನಾಲ್ಕು ಸೆಟ್. ಎಲ್ಲ ಸೆಟ್‌ಗಳಲ್ಲೂ ಮುಂಡ ನೆಟ್ಟಗಿದ್ದರೆ ಮಾತ್ರ ಮುಂದಿನ ವಾರ 2.5 ಕಿಲೊ ಸೇರಿಸುತ್ತಿದ್ದೆ. ಅದರ ನಂತರ ಹಿಂಗಾಲನ್ನು ಬೆಂಚಿನ ಮೇಲಿಟ್ಟು ಮಾಡುವ ಒಂಟಿಕಾಲಿನ ಸ್ಕ್ವಾಟ್, ಕಾಲಿಗೆ ಹತ್ತರಂತೆ ಮೂರು ಸೆಟ್. ಇದರಲ್ಲಿ ಮುಂದಕ್ಕೆ ವಾಲಿದರೆ ಕೆಲಸ ಪೃಷ್ಠಕ್ಕೆ ಹೋಗುತ್ತದೆ. ಆದ್ದರಿಂದ ಎದೆಯನ್ನು ನೇರವಾಗಿಟ್ಟು, ಹಿಮ್ಮಡಿ ನೆಲದಲ್ಲಿರುವಂತೆಯೇ ಮೊಣಕಾಲು ಬೆರಳ ತುದಿಯನ್ನು ದಾಟಲು ಬಿಟ್ಟೆ. ಕೊನೆಗೆ, ಯಂತ್ರದಲ್ಲಿ ಕುಳಿತು ಮೊಣಕಾಲನ್ನು ಬಿಚ್ಚುವ ಒಂದೆರಡು ಸೆಟ್ ಲೆಗ್ ಎಕ್ಸ್‌ಟೆನ್ಷನ್.

ಮುಖ್ಯ ದಿನದಲ್ಲಿ ಹಿಂಬದಿ ಸ್ಕ್ವಾಟನ್ನು 120 ಕಿಲೊದೊಳಗೆ ಇರಿಸಿದೆ, ಅಂದರೆ ಸೊಂಟ ಮತ್ತು ಬಾರ್ ಒಟ್ಟಿಗೆ ಏರುವ ಭಾರದೊಳಗೆ. ಅದರ ಬೆನ್ನಿಗೇ 100 ಕಿಲೊದಲ್ಲಿ, ತಳದಲ್ಲಿ ಎರಡು ಸೆಕೆಂಡು ನಿಂತು ಏಳುವ ಸ್ಕ್ವಾಟ್, ಮೂರರಂತೆ ಮೂರು ಸೆಟ್. ನಿಂತಾಗ ಪುಟಿಯುವ ನೆರವು ಬಹುಮಟ್ಟಿಗೆ ಕಳೆದುಹೋಗುತ್ತದೆ, ತೊಡೆಯೇ ಏಳಿಸಬೇಕಾಗುತ್ತದೆ. ಸೊಂಟ ಮೊದಲು ಏರಿದ್ದು ಅರಿವಿಗೆ ಬಂದರೆ ಆ ಸೆಟ್ಟನ್ನು ಅಲ್ಲಿಗೇ ಮುಗಿಸುತ್ತಿದ್ದೆ. ಹಳೆಯ ಆಕಾರದಲ್ಲೇ ಮುಂದುವರಿದರೆ ಬೆನ್ನಿಗೆ ಇನ್ನಷ್ಟು ಅಭ್ಯಾಸವಾಗುತ್ತದೆಯೇ ಹೊರತು ತೊಡೆಗೆ ಅಲ್ಲ.

ಏನನ್ನು ತೆಗೆಯಬೇಕು ಎಂಬುದೂ ಆಯ್ಕೆಯ ಭಾಗ. ಗುಡ್ ಮಾರ್ನಿಂಗ್ ಪೂರ್ತಿ ನಿಲ್ಲಿಸಿ, ಡೆಡ್‌ಲಿಫ್ಟಿನ ಸೆಟ್‌ಗಳನ್ನು ಅರ್ಧ ಮಾಡಿದೆ. ಈಗಾಗಲೇ ಬಲವಾಗಿರುವ ಭಾಗವನ್ನು ದಣಿಸುತ್ತಾ, ಹೊಸ ಕೆಲಸವನ್ನೂ ಮೇಲೆ ಹೇರಿದರೆ ಮೊಣಕಾಲು ಮತ್ತು ಕೆಳಬೆನ್ನು ಮೊದಲು ದೂರುತ್ತವೆ.

ಸುಮಾರು ಎರಡು ತಿಂಗಳ ನಂತರ ಫ್ರಂಟ್ ಸ್ಕ್ವಾಟ್ 122.5ಕ್ಕೆ ಬಂತು. ಆದರೆ ನನಗೆ ನಂಬಿಕೆ ಕೊಟ್ಟಿದ್ದು 135ರ ಹೊಸ ವಿಡಿಯೊ. ಮೊದಲಿನ ಅಂತರ ಎರಡು ಬೆರಳಿನಷ್ಟಕ್ಕೆ ಇಳಿದಿತ್ತು. 155 ಎದ್ದಿತು, ಮುಂದಿನ ವಾರ 157.5 ಕೂಡ. ಆ ಜಾಗದಲ್ಲಿ ಬಾರ್ ಈಗಲೂ ನಿಧಾನವಾಗುತ್ತದೆ, ಆದರೆ ನಿಲ್ಲುವುದಿಲ್ಲ.

ಇದೇ ಪಟ್ಟಿಯನ್ನು ಎಲ್ಲರಿಗೂ ಕೊಡಲು ಬರುವುದಿಲ್ಲ. ಮಂಗಳೂರಿನ ನಮ್ಮ ಜಿಮ್‌ನಲ್ಲಿ ಅಭ್ಯಾಸ ಮಾಡುವ ಹುಡುಗಿಯೊಬ್ಬಳು ನನ್ನಂತೆಯೇ ಮುಂದಕ್ಕೆ ಬಿದ್ದು ಸೋಲುತ್ತಿದ್ದಳು. "ಅಣ್ಣ, ನನಗೂ ಒಂಟಿಕಾಲಿನ ಸ್ಕ್ವಾಟ್ ಬರೆದುಕೊಡಿ" ಎಂದು ಕೇಳಿದಳು. ಅವಳ ವಿಡಿಯೊದಲ್ಲಿ ಸೊಂಟ ಬಾರಿಗಿಂತ ಮುಂಚೆ ಏರುತ್ತಿರಲಿಲ್ಲ; ಮೇಲ್ಬೆನ್ನು ಮಡಚಿಕೊಂಡು ಬಾರ್ ಕತ್ತಿನ ಕಡೆಗೆ ಉರುಳುತ್ತಿತ್ತು. ಫ್ರಂಟ್ ಸ್ಕ್ವಾಟಿನಲ್ಲಿ ಮೊಣಕೈ ಮೊದಲು ಇಳಿಯುತ್ತಿತ್ತು. ಅವಳಿಗೂ ಫ್ರಂಟ್ ಸ್ಕ್ವಾಟೇ ಬೇಕಾಯಿತು, ಆದರೆ ಕಾರಣ ಬೇರೆ: ಹಗುರ ಭಾರದಲ್ಲಿ, ಮೊಣಕೈ ಎತ್ತಿ ಹಿಡಿದು, ತಳದಲ್ಲಿ ಮೂರು ಸೆಕೆಂಡು ನಿಲ್ಲುವುದು. ಜೊತೆಗೆ ಎದೆಯನ್ನು ಇಳಿಜಾರು ಬೆಂಚಿಗೆ ಒರಗಿಸಿ ಡಂಬೆಲ್ ರೋಯಿಂಗ್. ಒಂಟಿಕಾಲಿನ ಸ್ಕ್ವಾಟ್ ಬರೆದುಕೊಡಲಿಲ್ಲ.

ಆರೆಂಟು ವಾರಗಳಲ್ಲಿ ಪೂರಕ ವ್ಯಾಯಾಮದ ಭಾರ ಏರಿಯೂ 90 ಶೇಕಡಾದ ವಿಡಿಯೊ ಹಾಗೆಯೇ ಉಳಿದರೆ, ನಾನು ಸೆಟ್‌ಗಳನ್ನು ಹೆಚ್ಚಿಸುವುದಿಲ್ಲ. ಮತ್ತೆ ಮೂರು ಭಾರಗಳಲ್ಲಿ ಚಿತ್ರೀಕರಿಸಿ, ಬೇರೆ ಸ್ನಾಯುವನ್ನು ಅನುಮಾನಿಸಲು ಶುರುಮಾಡುತ್ತೇನೆ.